ಡಯಲ್‌ನಲ್ಲಿ 1.5, ಉಸಿರಿನಲ್ಲಿ 0.6: ಮಿದುಳಿಗೆ ತಲುಪಿದ್ದೆಷ್ಟು?

ನಾನು ಅರಿವಳಿಕೆ ವೈದ್ಯ. ಓಟಿಗೆ ಹೊಸದಾಗಿ ಬರುವ ಪಿಜಿಗಳಿಗೆ ಮ್ಯಾಕ್ ಮತ್ತು ಬ್ಲಡ್-ಗ್ಯಾಸ್ ಕೋಎಫಿಶಿಯೆಂಟ್ ಎರಡೂ ಬಾಯಿಪಾಠ ಬರುತ್ತವೆ. ಆದರೆ ರೋಗಿಯ ತಲೆಯ ಹತ್ತಿರ ನಿಂತಾಗ ಎರಡೂ ಕಲಸಿಹೋಗುತ್ತವೆ. ಅದಕ್ಕೆ ನಾನು ಯಾವಾಗಲೂ ಒಂದೇ ಕೇಸ್ ಹಿಡಿದು ಹೇಳಿಕೊಡುತ್ತೇನೆ.

70 ವರ್ಷದ ಒಬ್ಬರು, ಪಿತ್ತಕೋಶದ ಲ್ಯಾಪ್ರೊಸ್ಕೋಪಿ. ನಿದ್ದೆಯ ಇಂಜೆಕ್ಷನ್, ನೋವಿನ ಮದ್ದು ಫೆಂಟನಿಲ್, ಸ್ನಾಯು ಸಡಿಲಿಸುವ ಮದ್ದು ಆಗಿದೆ, ಟ್ಯೂಬ್ ಹಾಕಿ ಹತ್ತು ನಿಮಿಷ ಆಗಿದೆ. ಫ್ರೆಶ್ ಗ್ಯಾಸ್ ನಿಮಿಷಕ್ಕೆ 2 ಲೀಟರ್, ಉಸಿರಿನಲ್ಲಿ ಕೊಡುವ ನಿದ್ದೆಯ ಗ್ಯಾಸ್ ಐಸೋಫ್ಲುರೇನ್, ಅದರ ವೇಪರೈಸರ್ ಡಯಲ್ ಶೇ. 1.5. ಮಾನಿಟರ್‌ನಲ್ಲಿ ರೋಗಿ ಒಳಗೆ ಎಳೆಯುತ್ತಿರುವುದು 1.0, ಹೊರಗೆ ಬಿಡುವ ಉಸಿರಿನ ಕೊನೆಯಲ್ಲಿ 0.6. ಸರ್ಜನ್ ಚಾಕು ಕೇಳುತ್ತಿದ್ದಾರೆ. ಶುರು ಮಾಡಬಹುದಾ?

ಮೊದಲು ಎಷ್ಟು ಬೇಕು ಅಂತ ನೋಡೋಣ. ಅದನ್ನು ಹೇಳುವುದು ಮ್ಯಾಕ್. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಅಲುಗಾಡದೆ ಇರಲು ಉಸಿರಿನ ಕೊನೆಯಲ್ಲಿ ಎಷ್ಟು ಶೇಕಡಾ ಗ್ಯಾಸ್ ಇರಬೇಕೋ ಅದು 1 ಮ್ಯಾಕ್. ಉಳಿದ ಐವತ್ತು ಜನ ಅಲುಗಾಡುತ್ತಾರೆ, ಇದನ್ನು ಮರೆಯಬಾರದು. ನಲವತ್ತರ ವಯಸ್ಸಿನಲ್ಲಿ ಐಸೋಗೆ ಇದು ಸುಮಾರು 1.2, ಇಂಥದ್ದೇ ಗ್ಯಾಸ್‌ಗಳಾದ ಸೆವೋಫ್ಲುರೇನ್‌ಗೆ 2, ಡೆಸ್‌ಫ್ಲುರೇನ್‌ಗೆ 6. ವಯಸ್ಸು ಹತ್ತು ವರ್ಷ ಏರಿದಂತೆ ಸುಮಾರು ಶೇ. 6ರಷ್ಟು ಇಳಿಯುತ್ತದೆ. ಹಾಗಾಗಿ ನಮ್ಮ ರೋಗಿಗೆ ಐಸೋ 1.0 ಹತ್ತಿರ ಇದ್ದರೆ 1 ಮ್ಯಾಕ್. ಮಾನಿಟರ್‌ನಲ್ಲಿ ವಯಸ್ಸು ಹಾಕದಿದ್ದರೆ ಹಲವು ಮಷೀನ್‌ಗಳು ನಲವತ್ತರವರ ಲೆಕ್ಕವನ್ನೇ ತೋರಿಸುತ್ತವೆ. ಇವರ 0.6ನ್ನು ಅಂಥ ಮಷೀನ್ ಅರ್ಧ ಮ್ಯಾಕ್ ಅನ್ನುತ್ತದೆ, ನಿಜಕ್ಕೂ ಅದು 0.6 ಮ್ಯಾಕ್.

ಫೆಂಟನಿಲ್ ಇರುವುದರಿಂದ ಪೂರ್ತಿ 1 ಮ್ಯಾಕ್ ಬೇಕಾಗಲಿಕ್ಕಿಲ್ಲ. ಆದರೂ 0.7ಕ್ಕಿಂತ ಕೆಳಗೆ ನಾನು ಶುರು ಮಾಡಲು ಬಿಡುವುದಿಲ್ಲ. ಕಾರಣ ಸ್ನಾಯು ಸಡಿಲಿಸುವ ಮದ್ದು. ಎಚ್ಚರ ಇದ್ದರೂ ಇವರು ಕೈ ಎತ್ತಲಾರರು. ಬಿಪಿ ಏರುವುದು, ಕಣ್ಣಲ್ಲಿ ನೀರು ಬರುವುದು, ನಾಡಿ ಓಡುವುದು, ಇಷ್ಟೇ ಸುಳಿವು. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಾದರೆ ನಾಡಿಯನ್ನೂ ನಂಬುವ ಹಾಗಿಲ್ಲ.

ಈಗ ಎರಡನೆಯ ಪ್ರಶ್ನೆ. 1.0 ಒಳಗೆ ಹೋಗುತ್ತಿದ್ದರೂ 0.6ರಲ್ಲೇ ಏಕೆ ನಿಂತಿದೆ? ಉತ್ತರ ಬ್ಲಡ್-ಗ್ಯಾಸ್ ಕೋಎಫಿಶಿಯೆಂಟ್‌ನಲ್ಲಿದೆ. ಐಸೋಗೆ ಇದು 1.4. ಅಂದರೆ ಎರಡೂ ಕಡೆ ಒತ್ತಡ ಸಮ ಆದಾಗ, ಒಂದು ಲೀಟರ್ ಗಾಳಿಯಲ್ಲಿ ಇರುವುದರ 1.4 ಪಟ್ಟು ಐಸೋ ಒಂದು ಲೀಟರ್ ರಕ್ತದಲ್ಲಿ ಇರುತ್ತದೆ. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಮೊದಲು ಕಾಲುವೆಯ ಮಣ್ಣೇ ಕುಡಿಯುತ್ತದೆ, ಕೊನೆಯ ಗದ್ದೆಗೆ ನೀರು ತಡವಾಗಿ ಮುಟ್ಟುತ್ತದೆ ಅಲ್ವಾ? ಇಲ್ಲಿ ಕುಡಿಯುವುದು ರಕ್ತ, ಕೊನೆಯ ಗದ್ದೆ ಮಿದುಳು. ಮಿದುಳಿಗೆ ನಿದ್ದೆ ಬರಿಸುವುದು ರಕ್ತದಲ್ಲಿ ಕರಗಿದ ಗ್ಯಾಸಿನ ಪ್ರಮಾಣ ಅಲ್ಲ, ಅದರ ಒತ್ತಡ. ಜಾಸ್ತಿ ಕರಗುವ ಗ್ಯಾಸಿನ ಒತ್ತಡ ನಿಧಾನವಾಗಿ ಏರುತ್ತದೆ.

ಸೆವೋಗೆ ಈ ಅಂಕಿ ಸುಮಾರು 0.65, ಡೆಸ್‌ಫ್ಲುರೇನ್‌ಗೆ 0.42. ಅರ್ಧ ಗಂಟೆ ಕೊಟ್ಟ ಮೇಲೆ ಒಳಗೆ ಹೋದದ್ದರ ಶೇ. 90ರಷ್ಟು ಡೆಸ್, ಶೇ. 85ರಷ್ಟು ಸೆವೋ ಉಸಿರಿನ ಕೊನೆಯಲ್ಲಿ ಕಾಣುತ್ತದೆ. ಐಸೋ ಆಗಲೂ ಶೇ. 73ರ ಹತ್ತಿರ. ಬೇಗ ಏರುತ್ತದೆ ಅಂದ ಮಾತ್ರಕ್ಕೆ ಡೆಸ್ ಜೋರಾದ ಮದ್ದು ಅಂದುಕೊಳ್ಳಬೇಡಿ. ಅದು 6 ಶೇಕಡಾ ಬೇಕು, ಐಸೋ 1.2 ಸಾಕು. ಜೋರು ಬೇರೆ, ವೇಗ ಬೇರೆ.

ನಮ್ಮ ಕೇಸಿಗೆ ಬರೋಣ. ಇಲ್ಲಿ ತಡ ಎರಡು ಕಡೆ ಆಗುತ್ತಿದೆ. ಡಯಲ್ 1.5 ಇದ್ದರೂ ಒಳಗೆ 1.0 ಹೋಗುತ್ತಿರುವುದು ಫ್ರೆಶ್ ಗ್ಯಾಸ್ ಕಡಿಮೆ ಇರುವುದರಿಂದ. ಸರ್ಕ್ಯೂಟ್‌ನಲ್ಲಿ ರೋಗಿ ಬಿಟ್ಟ ಹಳೆಯ ಗಾಳಿಯೇ ಜಾಸ್ತಿ. ಅಲ್ಲಿಂದ 0.6ಕ್ಕೆ ಇಳಿದದ್ದು ರಕ್ತ ಕುಡಿದದ್ದರಿಂದ. ಹಾಗಾಗಿ ಬರೀ ಡಯಲ್ ತಿರುಗಿಸಿದರೆ ಸಾಲದು. ಫ್ಲೋ 6 ಲೀಟರ್ ಮಾಡಿ, ಡಯಲ್ 2.5ಕ್ಕೆ ಏರಿಸಿ, ಉಸಿರಿನ ಕೊನೆಯ ಅಂಕಿ 0.8 ದಾಟುವ ತನಕ ಸರ್ಜನ್‌ಗೆ ಸ್ವಲ್ಪ ತಾಳಿ ಅನ್ನಿ. ಆಮೇಲೆ ಡಯಲ್, ಫ್ಲೋ ಎರಡೂ ಇಳಿಸಿ. ಈ ಹೊತ್ತಿನಲ್ಲಿ ಬಿಪಿ ನಿಮಿಷಕ್ಕೊಮ್ಮೆ ನೋಡಬೇಕು. ಹೃದಯ ಸೋತವರಲ್ಲಿ ಶ್ವಾಸಕೋಶದ ಮೂಲಕ ಹಾಯುವ ರಕ್ತ ಕಡಿಮೆ, ಕುಡಿಯುವುದೂ ಕಡಿಮೆ. ಅವರಲ್ಲಿ ಐಸೋ ನಾವು ಎಣಿಸಿದ್ದಕ್ಕಿಂತ ಬೇಗ ಏರಿ ಬಿಪಿಯನ್ನು ಇನ್ನಷ್ಟು ಬೀಳಿಸುತ್ತದೆ.

ಎಬ್ಬಿಸುವಾಗಲೂ ಇದೇ ಲೆಕ್ಕ, ತಿರುಗುಮುರುಗು. ಸುಮಾರು ಮೂರನೇ ಒಂದು ಮ್ಯಾಕ್‌ಗೆ ಇಳಿದಾಗ ಅರ್ಧದಷ್ಟು ಜನ ಕರೆದರೆ ಕಣ್ಣು ಬಿಡುತ್ತಾರೆ. ಇವರಿಗೆ ಅದು 0.3ರ ಆಸುಪಾಸು. ವೇಪರೈಸರ್ ಆಫ್ ಮಾಡಿ ಫ್ಲೋ 1 ಲೀಟರ್‌ನಲ್ಲೇ ಬಿಟ್ಟರೆ ಹೊರಬಂದ ಐಸೋ ಮತ್ತೆ ಒಳಗೇ ಹೋಗುತ್ತದೆ. ಆಕ್ಸಿಜನ್ 6 ಲೀಟರ್‌ಗಿಂತ ಮೇಲೆ ಇಡಿ. ಎರಡು ಗಂಟೆ ದಾಟಿದ ಕೇಸ್, ದಪ್ಪ ಮೈಯವರು ಅಂದರೆ ಕೊಬ್ಬಿನಲ್ಲಿ ಕೂತದ್ದೂ ನಿಧಾನಕ್ಕೆ ಬರುತ್ತಿರುತ್ತದೆ, ಹೊಲಿಗೆ ಶುರುವಾದಾಗಲೇ ಸ್ವಲ್ಪ ಸ್ವಲ್ಪ ಇಳಿಸಬಹುದು. ಆದರೆ ಸ್ನಾಯುಗಳ ಮದ್ದಿಗೆ ರಿವರ್ಸಲ್ ಕೊಟ್ಟು ಅದು ಕೆಲಸ ಮಾಡಿದೆ ಅಂತ ಗೊತ್ತಾಗುವ ತನಕ 0.7 ಮ್ಯಾಕ್‌ಗಿಂತ ಕೆಳಗೆ ಇಳಿಸಬೇಡಿ.