ಯುರೋಪ್ ಮ್ಯಾಪ್ ಪ್ರಾಜೆಕ್ಟ್ ಅಪ್ಡೇಟ್: ಪೋಲೆಂಡ್ ಪೂರ್ವಭಾಗ ಪೂರ್ತಿ ಖಾಲಿ

ಯುರೋಪಿನ ಪ್ರದೇಶವಾರು ತಲಾ ಜಿಡಿಪಿ ಮ್ಯಾಪ್ ಈಗ ಒಂದು ಹಂತಕ್ಕೆ ಬಂದಿದೆ. ದೇಶ ದೇಶಕ್ಕೂ ಜಿಲ್ಲೆ, ಪ್ರಾಂತ್ಯಗಳ ಸೈಜ್ ಬೇರೆ ಬೇರೆ ಇರೋದ್ರಿಂದ ಅವನ್ನ ನೇರ ಹೋಲಿಸಕ್ಕಾಗಲ್ಲ, ಅದಕ್ಕೇ ಯುರೋಪಿಯನ್ ಒಕ್ಕೂಟ, ಅಂದ್ರೆ ಇಯುನವರು ಅಂಕಿಅಂಶಕ್ಕೆ ಅಂತ ಮಾಡಿರೋ ನಟ್ಸ್ ಅನ್ನೋ ಪ್ರದೇಶ ವಿಂಗಡಣೆಯ ಎರಡನೇ ಹಂತ ತಗೊಂಡಿದೀನಿ. ಈ ಹಂತದ ಪ್ರದೇಶದಲ್ಲಿ ಜನಸಂಖ್ಯೆ 8 ಲಕ್ಷದಿಂದ 30 ಲಕ್ಷದೊಳಗೆ ಇರ್ಬೇಕು ಅನ್ನೋದು ಲೆಕ್ಕ, ಆದ್ರೆ ಆಗಲೇ ಇರೋ ಆಡಳಿತ ಗಡಿಗಳನ್ನೇ ಆದಷ್ಟು ಬಳಸ್ತಾರೆ. ಹಂಗಾಗಿ ಕೋಟಿ ದಾಟಿರೋ ಪ್ಯಾರಿಸ್ ಸುತ್ತಲಿನ ಪ್ರದೇಶನೂ, ಬರೀ 30 ಸಾವಿರದಷ್ಟು ಜನ ಇರೋ ಫಿನ್ಲೆಂಡಿನ ಓಲಂಡ್ ದ್ವೀಪಗಳೂ ಒಂದೇ ಹಂತದಲ್ಲಿ ಕೂತಿವೆ!

ಈ ಸಲ ಬೇಕಂತಲೇ 2013ರ ಆವೃತ್ತಿಯ ಮ್ಯಾಪಿಗೆ 2021ರ ಆವೃತ್ತಿಯ ಡೇಟಾ ಜೋಡಿಸಿ, ಗಡಿ ಎಲ್ಲೆಲ್ಲಿ ಬದಲಾಗಿದೆ ಅಂತ ನೋಡ್ದೆ.

```
set(map13.NUTS_ID) - set(gdp21.geo)
```

ಮ್ಯಾಪಲ್ಲಿರೋ ಕೋಡಿಗೆ ಡೇಟಾ ಸಿಗದೆ ಪೋಲೆಂಡಿನ ಮಧ್ಯ ಮತ್ತು ಪೂರ್ವಭಾಗ ಪೂರ್ತಿ ಬೂದು ಬಣ್ಣ ಬಂತು. ಆದ್ರೆ ಅಲ್ಲಿ ಬಹುಪಾಲು ಗಡಿ ಬದಲಾಗೇ ಇಲ್ಲ, ಕೋಡ್ ಅಷ್ಟೇ ಬದಲಾಗಿದೆ: ಲೂಬ್ಲಿನ್ ಪ್ರಾಂತ್ಯ PL31 ಇದ್ದಿದ್ದು PL81 ಆಗಿದೆ, ಅಂಥದ್ದಕ್ಕೆಲ್ಲ ಒಂದು ಹಳೇ-ಹೊಸ ಕೋಡ್ ಟೇಬಲ್ ಹಾಕಿದ್ರೆ ಮುಗೀತು. ನಿಜವಾಗ್ಲೂ ಒಡೆದಿದ್ದು ವಾರ್ಸಾ ಇರೋ ಪ್ರಾಂತ್ಯ ಒಂದೇ, ಹಳೇ PL12 ಈಗ PL91 (ವಾರ್ಸಾ ಮತ್ತು ಸುತ್ತಮುತ್ತ), PL92 (ಉಳಿದದ್ದು) ಅಂತ ಎರಡಾಗಿದೆ. ಇದು 2016ರ ಆವೃತ್ತಿಯಲ್ಲಿ ಬಂದ ಬದಲಾವಣೆ, ಜಾರಿಗೆ ಬಂದಿದ್ದು 2018ರಿಂದ. ಮಜಾ ಏನಂದ್ರೆ ಆಡಳಿತದಲ್ಲಿ ಅದು ಇವತ್ತಿಗೂ ಒಂದೇ ಪ್ರಾಂತ್ಯ, ಒಡೆದಿರೋದು ಅಂಕಿಅಂಶಕ್ಕೆ ಮಾತ್ರ.

ಯಾಕೆ ಒಡೆದ್ರು ಅನ್ನೋದು ಬಣ್ಣ ತುಂಬಿದ ಮೇಲೆ ಕಣ್ಣಿಗೆ ಹೊಡೆಯುತ್ತೆ. ಒಟ್ಟಿಗಿದ್ದಾಗ ಇಡೀ ಪ್ರಾಂತ್ಯ ಇಯು ಸರಾಸರಿಗಿಂತ ಮೇಲಿತ್ತು. ಬೇರೆ ಮಾಡಿದ್ರೆ ವಾರ್ಸಾ ಇನ್ನೂ ಮೇಲೆ ಹೋಗುತ್ತೆ, ಉಳಿದ ಭಾಗ 75% ಗೆರೆಗಿಂತ ಕೆಳಗೆ ಬೀಳುತ್ತೆ. ಇಯು ಅಭಿವೃದ್ಧಿ ನಿಧಿಲಿ ಹಿಂದುಳಿದ ಪ್ರದೇಶ ಅನ್ನೋದಕ್ಕೆ ಅದೇ ಗೆರೆ, 2021-27ರ ಅವಧಿಲಿ PL92 ಆ ಪಟ್ಟಿಗೆ ಸೇರಿದೆ. ಅಂದ್ರೆ ಅಲ್ಲಿನ ಜನರ ಜೇಬಲ್ಲಿ ಏನೂ ಬದಲಾಗದೇ, ಬರೀ ಗೆರೆ ಎಳೆದಿದ್ದಕ್ಕೆ ಬಡ ಪ್ರದೇಶ ಕಾಣಿಸ್ತು. ನನ್ನ ಪ್ರಕಾರ ಒಡೆದಿದ್ದೇ ಸರಿ, ಹಳೇ ಸರಾಸರಿ ಯಾರ ಪರಿಸ್ಥಿತಿನೂ ಹೇಳ್ತಿರ್ಲಿಲ್ಲ.

ಆದ್ರೂ PL91ರ ಕಡು ಬಣ್ಣನ ಪೂರ್ತಿ ನಂಬಂಗಿಲ್ಲ. ಜಿಡಿಪಿ ಎಣಿಸೋದು ಕೆಲಸ ನಡೆಯೋ ಜಾಗದಲ್ಲಿ, ತಲೆ ಎಣಿಸೋದು ವಾಸ ಇರೋ ಜಾಗದಲ್ಲಿ, ಹಾಗಾಗಿ PL92ರಿಂದ ದಿನಾ ಬಂದು ದುಡಿಯೋರ ಉತ್ಪಾದನೆ ವಾರ್ಸಾ ಲೆಕ್ಕಕ್ಕೆ ಸೇರುತ್ತೆ, ಅವರ ತಲೆ ಸೇರಲ್ಲ. ಅದಕ್ಕೇ ಮುಂದೆ ಇಯು ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ nama_10r_2hhinc ಟೇಬಲ್ಲಿಂದ ಮನೆಗಳ ಆದಾಯ ತಗೊಂಡು ಎರಡನೇ ಮ್ಯಾಪ್ ಮಾಡಿ ಇದರ ಪಕ್ಕ ಇಡ್ತೀನಿ, ಅದರಲ್ಲಿ ಈ ಎರಡು ಭಾಗಗಳ ಅಂತರ ಕಡಿಮೆ ಆಗ್ಬೇಕು ಅನ್ನೋದು ನನ್ನ ಅಂದಾಜು.