ಆಫರ್ ಬಂದಿದೆ, ಸಹಿ ಇನ್ನೂ ಹಾಕಿಲ್ಲ

ಸಂಬಳ ಒಪ್ಪಿಗೆಯಾಗಿದೆ. ಸಮಸ್ಯೆ ಇರೋದು ಸಮಯದ್ದು. ಅಮ್ಮನಿಗೆ ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮುಗಿದು ಎದ್ದು ನಿಂತರೆ ತಲೆ ಸುತ್ತುತ್ತದೆ, ನನ್ನ ಭುಜ ಹಿಡಿದೇ ನಡೆಯುತ್ತಾರೆ.

ಮೊದಲು "ಟೈಮಿಂಗ್ ಸ್ವಲ್ಪ ಫ್ಲೆಕ್ಸಿಬಲ್ ಇರುತ್ತಾ?" ಅಂತ ಮೇಲ್ ಬರೆದು ಅಳಿಸಿದೆ. ಇಂಥ ಪ್ರಶ್ನೆಗೆ "ನೋಡೋಣ ಬಿಡಿ" ಅನ್ನೋ ಉತ್ತರವೇ ಬರೋದು. ಹಿಂದಿನ ಕೆಲಸದಲ್ಲಿ ಬಾಯಿಮಾತಲ್ಲಿ ಒಪ್ಪಿದ್ದ ಮ್ಯಾನೇಜರ್ ಆರು ತಿಂಗಳಿಗೆ ಬೇರೆ ಕಡೆ ಹೋದರು. ಹೊಸಬರು ಗಡಿಯಾರ ನೋಡೋಕೆ ಶುರು ಮಾಡಿದರು.

ಈ ಸಲ ಲೆಕ್ಕ ಹಾಕಿ ಕೇಳಿದೆ. ಮಂಗಳವಾರ, ಗುರುವಾರ ಬೆಳಿಗ್ಗೆ 7ಕ್ಕೆ ಶುರು, 2ಕ್ಕೆ ಹೊರಡುತ್ತೇನೆ. ಕಮ್ಮಿಯಾಗುವ ಎರಡು ಗಂಟೆಯನ್ನು ಸೋಮವಾರ, ಬುಧವಾರ ಒಂದೊಂದು ಗಂಟೆ ಜಾಸ್ತಿ ಮಾಡಿ ತುಂಬುತ್ತೇನೆ. ವಾರಕ್ಕೆ 40 ಗಂಟೆ ಹಾಗೇ ಉಳಿಯುತ್ತದೆ. ಇದನ್ನು ಆಫರ್ ಲೆಟರ್‌ನಲ್ಲೇ ಬರೆದು ಕೊಡಿ ಅಂದೆ. ಅಮ್ಮನ ಕಾಯಿಲೆಯ ಕಥೆ ಹೇಳಲಿಲ್ಲ, "ಮನೆಯಲ್ಲಿ ಆರೈಕೆಯ ಜವಾಬ್ದಾರಿ ಇದೆ" ಅಂದೆ, ಅಷ್ಟೇ.

ಎಚ್‌ಆರ್ ಫೋನ್ ಮಾಡಿ, "32 ಗಂಟೆ ಮಾಡಿ, ಸಂಬಳ ಶೇ. 80 ಕೊಡ್ತೀವಿ, ಆಗುತ್ತಾ?" ಅಂದರು. "ಹಾಗಾದರೆ ಯಾವ ಕೆಲಸ ಕಮ್ಮಿ ಮಾಡ್ತೀರಿ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಷ್ಟೂ ಕೆಲಸ ಹಾಗೇ ಇಟ್ಟು ಗಂಟೆ ಮಾತ್ರ ಇಳಿಸಿದರೆ ಅದು ಬರೀ ಸಂಬಳ ಕಡಿತ, ಅಲ್ವಾ?

ತಿದ್ದಿದ ಲೆಟರ್ ಶುಕ್ರವಾರ ಕಳಿಸ್ತಾರಂತೆ. ಅಲ್ಲಿಯವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಲ್ಲ.