ಮೂರು ಎಲೆ ಓದುವ ಮುನ್ನ ತುರುಪು ಯಾವುದು ಗೊತ್ತಿರಲಿ

"ಟ್ಯಾರೋ ಕಾರ್ಡಲ್ಲಿ ಮೇಜರ್, ಮೈನರ್ ಅಂತ ಎರಡು ಭಾಗ ಯಾಕೆ? ಮೂರು ಕಾರ್ಡ್ ಹಾಕಿದ್ಮೇಲೆ ಅದನ್ನ ಓದೋದು ಹೇಗೆ?"

ಇಸ್ಪೀಟು ಆಡಿದವರಿಗೆ ಮೊದಲ ಪ್ರಶ್ನೆ ಕಷ್ಟವಲ್ಲ. ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳಲಿಕ್ಕಲ್ಲ, ಆಡಲಿಕ್ಕೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ನಾಲ್ಕು ಸೂಟುಗಳ ಮಾಮೂಲಿ ಕಟ್ಟಿಗೆ ಚಿತ್ರದ ಎಲೆಗಳ ಐದನೆಯ ಗುಂಪೊಂದನ್ನು ಸೇರಿಸಿದರು. ಆಟದುದ್ದಕ್ಕೂ ಆ ಗುಂಪೇ ತುರುಪು, ಈಗ ಮೇಜರ್ ಎನ್ನುವುದು ಅದನ್ನೇ. ಬೇರೆ ಯಾವ ಸೂಟಿನ ಎಲೆಯನ್ನಾದರೂ ಅದು ಹೊಡೆಯುತ್ತಿತ್ತು. ಈಜಿಪ್ಟಿನ ಪುರಾತನ ಗ್ರಂಥವೇ ಈ ಎಲೆಗಳಲ್ಲಿ ಅಡಗಿದೆ ಎಂಬ ಮಾತನ್ನು ಹಬ್ಬಿಸಿದ್ದು ಫ್ರಾನ್ಸಿನ ಕೋರ್ ದ ಜೆಬೆಲಾಂ, 1781ರಲ್ಲಿ. ಅದಕ್ಕೆ ಆಧಾರವಿಲ್ಲ. ಲ್ಯಾಟಿನ್‌ನಲ್ಲಿ 'ರಹಸ್ಯಗಳು' ಎಂಬ ಅರ್ಥದ 'ಆರ್ಕಾನಾ' ಪದ ಈ ಎಲೆಗಳಿಗೆ ಅಂಟಿಕೊಂಡಿದ್ದು ಇನ್ನೂ ತಡವಾಗಿ, 19ನೇ ಶತಮಾನದಲ್ಲಿ.

ಒಟ್ಟು 78 ಎಲೆ. ಅದರಲ್ಲಿ 22 ಮೇಜರ್: ಸೊನ್ನೆ ಅಂಕಿಯ 'ಫೂಲ್'ನಿಂದ 21ರ 'ವರ್ಲ್ಡ್'ವರೆಗೆ. ಉಳಿದ 56 ಮೈನರ್. ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಸೂಟು, ಒಂದೊಂದರಲ್ಲಿ 14 ಎಲೆ. ಎಕ್ಕದಿಂದ ಹತ್ತರವರೆಗೆ ಇಸ್ಪೀಟಿನಂತೆಯೇ. ರಾಜ, ರಾಣಿಯರ ಕೆಳಗೆ ಮಾತ್ರ ಒಬ್ಬ ಗುಲಾಮನ ಬದಲು ನೈಟ್ ಮತ್ತು ಪೇಜ್ ಎಂಬ ಇಬ್ಬರಿದ್ದಾರೆ. ಕೋಲು ಎಂದರೆ ಹುಮ್ಮಸ್ಸು ಮತ್ತು ಕೆಲಸ ಶುರುಮಾಡುವ ಛಲ, ಬಟ್ಟಲು ಎಂದರೆ ಭಾವನೆ ಮತ್ತು ಸಂಬಂಧ, ಕತ್ತಿ ಎಂದರೆ ಯೋಚನೆ ಮತ್ತು ಜಗಳ, ನಾಣ್ಯ ಎಂದರೆ ದುಡ್ಡು, ದುಡಿಮೆ, ದೇಹ. ಇಷ್ಟು ತಿಳಿದಿದ್ದರೆ ಓದಲು ಶುರುಮಾಡಬಹುದು.

1909ರಲ್ಲಿ ಲಂಡನ್ನಿನಲ್ಲಿ ಎ. ಇ. ವೇಟ್ ರೂಪಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟನ್ನೇ ಇಲ್ಲಿ ಇಟ್ಟುಕೊಳ್ಳೋಣ. ಈಗ ಸಿಗುವ ಬಹುಪಾಲು ಕಟ್ಟುಗಳು ಇದನ್ನೇ ಅನುಸರಿಸುತ್ತವೆ. ಇದರಲ್ಲಿ ಎಲೆ ಯಾವ ಗುಂಪಿನದು ಎಂದು ಗುರುತಿಸುವುದು ಸುಲಭ. ಮೇಲೆ ಅಂಕಿ, ಕೆಳಗೆ ಹೆಸರು ಎರಡೂ ಇದ್ದರೆ ಮೇಜರ್. ಅಂಕಿ ಮಾತ್ರ ಇದ್ದರೆ ಮೈನರಿನ ಎರಡರಿಂದ ಹತ್ತರೊಳಗಿನ ಎಲೆ. ಹೆಸರು ಮಾತ್ರ ಇದ್ದರೆ ಎಕ್ಕ ಅಥವಾ ರಾಜಪರಿವಾರ. ಹಳೆಯ ಮಾರ್ಸೇ ಮಾದರಿಯ ಕಟ್ಟು ಕೊಂಡವರಿಗೆ ಒಂದು ಎಚ್ಚರಿಕೆ: ಅಲ್ಲಿ 8 'ಜಸ್ಟಿಸ್', 11 'ಸ್ಟ್ರೆಂತ್', ವೇಟ್ ಅವೆರಡನ್ನು ಅದಲುಬದಲು ಮಾಡಿದರು. ಅಂಕಿ ನೋಡಿ ಪುಸ್ತಕ ತೆರೆದರೆ ಬೇರೆ ಎಲೆಯ ಅರ್ಥ ಸಿಗುತ್ತದೆ.

ಆಟದ ತುರುಪು ಓದಿನಲ್ಲಿ ತೂಕವಾಗಿ ಉಳಿದಿದೆ. ಮೈನರ್ ದಿನನಿತ್ಯದ ಸಂಗತಿ ಹೇಳಿದರೆ ಮೇಜರ್ ಆ ದಿನಗಳ ಹಿಂದಿರುವ ದೊಡ್ಡ ತಿರುವನ್ನು ಹೇಳುತ್ತದೆ ಎಂಬುದು ರೂಢಿ. ಆದರೆ ಮೇಜರ್ ಕಂಡ ಕೂಡಲೇ ಬೆಚ್ಚಿಬೀಳಬೇಕಿಲ್ಲ. ಮೂರು ಎಲೆ ತೆಗೆದಾಗ ಒಂದಾದರೂ ಮೇಜರ್ ಬರುವ ಸಾಧ್ಯತೆ ಶೇ. 64ರಷ್ಟಿದೆ. ಮೂರೂ ಮೇಜರ್ ಬರುವುದು ಮಾತ್ರ ಅಪರೂಪ, ಸುಮಾರು 50 ಸಲಕ್ಕೆ ಒಮ್ಮೆ.

ಇನ್ನು ಎಲೆ ಹಾಕುವುದು. ಹೊಸ ಕಟ್ಟಿನಲ್ಲಿ ಜಾಹೀರಾತಿನದೋ ಮತ್ತೊಂದರದೋ ಹೆಚ್ಚುವರಿ ಎಲೆ ಇರಬಹುದು. ತೆಗೆದಿಟ್ಟು 78 ಎಣಿಸಿಕೊಳ್ಳಿ. ಎಲೆಗಳು ಕ್ರಮವಾಗಿ ಜೋಡಿಸಿ ಬಂದಿರುತ್ತವೆ, ಇಸ್ಪೀಟಿಗಿಂತ ದೊಡ್ಡವು ಬೇರೆ. ಕೈಯಲ್ಲಿ ನಾಲ್ಕು ಸಲ ಆಡಿಸಿದರೆ ಸಾಲದು, ಒಂದೇ ಸೂಟಿನ ಎಲೆಗಳು ಒಟ್ಟೊಟ್ಟಿಗೆ ಬರುತ್ತವೆ. ಬೆನ್ನು ಮೇಲೆ ಮಾಡಿ ಮೇಜಿನ ಮೇಲೆ ಹರಡಿ, ಎರಡೂ ಅಂಗೈಯಿಂದ ಚೆನ್ನಾಗಿ ಕಲೆಸಿ. ಹೀಗೆ ಮಾಡಿದಾಗ ಕೆಲವು ಎಲೆ ತಲೆಕೆಳಗಾಗುತ್ತವೆ. ತಲೆಕೆಳಗಾದುದಕ್ಕೆ ಬೇರೆ ಅರ್ಥ ಹೇಳುವ ಪದ್ಧತಿಯಿದೆ, ಆದರೆ ಕಲಿಯುವಾಗ ಎಲ್ಲವನ್ನೂ ನೆಟ್ಟಗೆ ತಿರುಗಿಸಿಕೊಂಡು ಓದುವುದೇ ವಾಸಿ.

ಮೂರು ಜಾಗಗಳ ಅರ್ಥವನ್ನು ಎಲೆ ತೆಗೆಯುವ ಮೊದಲೇ ಗೊತ್ತುಮಾಡಿ, ಬೇಕಾದರೆ ಚೀಟಿಯಲ್ಲಿ ಬರೆದಿಡಿ. ನಿನ್ನೆ, ಇಂದು, ನಾಳೆ ಎಂಬುದು ಎಲ್ಲರಿಗೂ ಗೊತ್ತಿರುವ ಹಂಚಿಕೆ. ನಿರ್ಧಾರದ ಪ್ರಶ್ನೆಗೆ ಪರಿಸ್ಥಿತಿ, ಅಡ್ಡಿ, ಮುಂದಿನ ಹೆಜ್ಜೆ ಎಂಬ ಹಂಚಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಎಲೆ ಕಂಡಮೇಲೆ ಜಾಗದ ಅರ್ಥ ಬದಲಿಸಿದರೆ ನಮಗೆ ಬೇಕಾದದ್ದನ್ನೇ ಓದಿಕೊಳ್ಳುತ್ತೇವೆ. ಹೌದು, ಅಲ್ಲ ಎಂಬ ಪ್ರಶ್ನೆಗೂ ಈ ಹಂಚಿಕೆ ಒಗ್ಗದು.

ಒಂದು ಉದಾಹರಣೆ. ನಾಲ್ಕು ವರ್ಷದಿಂದ ಒಂದೇ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿರುವವರು "ಬೇರೆ ಊರಿನ ಕೆಲಸಕ್ಕೆ ಹೋಗುವ ವಿಚಾರದಲ್ಲಿ ನಾನು ಏನನ್ನು ಗಮನಿಸಬೇಕು?" ಎಂದು ಕೇಳಿದ್ದಾರೆ ಎಂದುಕೊಳ್ಳಿ. ಎಡದಿಂದ ಬಲಕ್ಕೆ ಬಂದ ಎಲೆಗಳು: ನಾಣ್ಯದ ಎಂಟು, 'ಹ್ಯಾಂಗ್ಡ್ ಮ್ಯಾನ್', ಕತ್ತಿಯ ಆರು.

ಪುಸ್ತಕ ತೆರೆಯುವ ಮೊದಲು ಚಿತ್ರ ನೋಡಿ. ಮೊದಲನೆಯದರಲ್ಲಿ ಒಬ್ಬ ಕುಶಲಕರ್ಮಿ ಬೆಂಚಿನ ಮೇಲೆ ಕೂತು ತಲೆ ಬಗ್ಗಿಸಿ ನಾಣ್ಯ ಕೆತ್ತುತ್ತಿದ್ದಾನೆ, ಊರು ದೂರದಲ್ಲಿದೆ. ಪರಿಸ್ಥಿತಿಯ ಜಾಗದಲ್ಲಿ ಇದರ ಮಾತು ಸ್ಪಷ್ಟ: ಕೈ ಪಳಗಿದೆ, ಆದರೆ ಎಂಟನೆಯದೂ ಮೊದಲಿನ ಏಳರ ಹಾಗೆಯೇ ಇದೆ.

ನಡುವಿನದನ್ನು ನೋಡಿ ಹೊಸಬರು ತಕ್ಷಣ ತಿರುಗಿಸುತ್ತಾರೆ. ಚಿತ್ರದವನು ಒಂದು ಕಾಲಿನಿಂದ ನೇತಾಡುತ್ತಿರುವುದರಿಂದ ಎಲೆ ನೆಟ್ಟಗಿದ್ದರೂ ತಲೆಕೆಳಗಾದಂತೆ ಕಾಣುತ್ತದೆ. ಹೆಸರು ಕೆಳಗಿದ್ದರೆ ಅದು ಸರಿಯಾಗಿಯೇ ಇದೆ. ಅವನ ಮುಖ ಶಾಂತ, ತಲೆಯ ಸುತ್ತ ಪ್ರಭಾವಳಿ. ಯಾತನೆಯಲ್ಲ, ತಾನೇ ಒಪ್ಪಿಕೊಂಡ ನಿಲುಗಡೆ. ಇದೇ ಎಲೆ ಮೂರನೆಯ ಜಾಗದಲ್ಲಿ ಬಂದಿದ್ದರೆ 'ಸದ್ಯಕ್ಕೆ ಕಾಯಿರಿ' ಎಂಬ ಸಲಹೆಯಾಗುತ್ತಿತ್ತು. ಅಡ್ಡಿಯ ಜಾಗದಲ್ಲಿ ಬಂದದ್ದರಿಂದ ಕಾಯುವುದೇ ಅಡ್ಡಿ ಎಂದಾಯಿತು. ಎಲೆ ಅದೇ, ಮಾತು ಪೂರ್ತಿ ಉಲ್ಟಾ. ಮೂರರಲ್ಲಿ ಮೇಜರ್ ಇದೊಂದೇ ಆದ್ದರಿಂದ ಓದಿನ ಭಾರವೂ ಇಲ್ಲಿಯೇ ಬೀಳುತ್ತದೆ: ಸಮಸ್ಯೆ ಹೊಸ ಕೆಲಸದ್ದಲ್ಲ, ನಿರ್ಧಾರವನ್ನು ತೂಗುಹಾಕಿಕೊಂಡಿರುವುದರದ್ದು.

ಕೊನೆಯ ಎಲೆಯಲ್ಲಿ ಅಂಬಿಗನೊಬ್ಬ ಮುಸುಕು ಹೊದ್ದವರನ್ನೂ ಮಗುವನ್ನೂ ದೋಣಿಯಲ್ಲಿ ದಾಟಿಸುತ್ತಿದ್ದಾನೆ. ದೋಣಿಯ ಒಂದು ಬದಿ ಅಲೆಯಿದೆ, ಇನ್ನೊಂದು ಬದಿ ನೀರು ತಿಳಿ. ಆರು ಕತ್ತಿಗಳು ದೋಣಿಯಲ್ಲೇ ನೆಟ್ಟಿವೆ. ಮುಂದಿನ ಹೆಜ್ಜೆ ಎಂದರೆ ದಾಟುವುದು. ಆದರೆ ಹಳೆಯ ಚಿಂತೆಗಳೂ ಜೊತೆಗೇ ಬರುತ್ತವೆ, ಹೊಸ ಊರಿಗೆ ಹೋದಮಾತ್ರಕ್ಕೆ ಅವು ಕಳೆಯುವುದಿಲ್ಲ. ಈಗ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಿ ನೋಡಿ: ಕೂತು ಕೆಲಸ ಮಾಡುವವನು, ನೇತಾಡುವವನು, ದಾಟುವವರು. ಹೀಗೆ ಸಾಲು ಕೂಡಿಬರದೆ ಮೂರು ಬಿಡಿ ಅರ್ಥಗಳಾಗಿಯೇ ಉಳಿದರೆ ಓದು ಇನ್ನೂ ಮುಗಿದಿಲ್ಲ.

"ಬಟ್ಟಲು ಒಂದೂ ಬಂದಿಲ್ಲ, ಹಾಗಾದರೆ ಮನೆಯವರ ಪ್ರೀತಿ ಇಲ್ಲವೇ?" ಎಂದು ಕೇಳುವವರಿದ್ದಾರೆ. ನಾಲ್ಕು ಸೂಟು, ಮೂರು ಎಲೆ. ಒಂದಾದರೂ ಸೂಟು ಬರದೇ ಇರಲೇಬೇಕು. ಹತ್ತು ಎಲೆಯ ಹಾಸಿನಲ್ಲಿ ಅಂಥ ಗೈರುಹಾಜರಿಗೆ ಏನಾದರೂ ಅರ್ಥ ಹೇಳಬಹುದು, ಇಲ್ಲಿ ಹೇಳಬಾರದು.

ಉತ್ತರ ಹಿಡಿಸಲಿಲ್ಲವೆಂದು ಅದೇ ಪ್ರಶ್ನೆಗೆ ಮತ್ತೆ ಎಲೆ ಹಾಕುವವರೂ ಇದ್ದಾರೆ. ತಲೆಕೆಳಗಾದವನ್ನು ಬಿಟ್ಟರೂ ಮೂರು ಜಾಗಕ್ಕೆ 4,56,456 ಬಗೆಯಲ್ಲಿ ಎಲೆ ಬೀಳಬಹುದು. ಎರಡನೇ ಸಲ ಬೇರೆಯೇ ಬರುತ್ತದೆ, ಮೂರನೇ ಸಲ ಇನ್ನೊಂದು. ಆಮೇಲೆ ಆರಿಸುತ್ತಿರುವುದು ಎಲೆಗಳಲ್ಲ, ನೀವು.